ಉತ್ತರ ಸೂಚಿ ತಪ್ಪಿದ್ದಾಗ ಅಂಕ ಯಾರಿಗೆ?

ಬೋಧನಾಭ್ಯಾಸದ ಎರಡನೇ ವಾರ. ದಾವಣಗೆರೆಯ ಒಂದು ಪ್ರೌಢಶಾಲೆಯ ಎಂಟನೇ ತರಗತಿಗೆ ನಕ್ಷೆಯ ಅಳತೆ ಪ್ರಮಾಣದ ಪಾಠ ನನ್ನ ಪಾಲಿಗೆ ಬಂತು. ಮಕ್ಕಳಿಗೆ ಗೊತ್ತಿರುವ ಜಾಗದಿಂದಲೇ ಶುರು ಮಾಡೋಣವೆಂದು ದಾವಣಗೆರೆ ಮತ್ತು ಹರಿಹರದ ರೈಲು ನಿಲ್ದಾಣಗಳನ್ನು ಎರಡು ಚುಕ್ಕೆಗಳಾಗಿ ಗುರುತಿಸಿ ಒಂದು ಸರಳ ನಕ್ಷೆ ಬರೆದೆ. ಪ್ರಮಾಣ 1:2,00,000, ಅಂದರೆ ನಕ್ಷೆಯ ಒಂದು ಸೆಂ.ಮೀ.ಗೆ ನೆಲದ ಮೇಲೆ 2 ಕಿ.ಮೀ. ಚುಕ್ಕೆಗಳ ನಡುವೆ 6.5 ಸೆಂ.ಮೀ. ಉತ್ತರ ಸೂಚಿಯಲ್ಲಿ 13 ಕಿ.ಮೀ. ಎಂದು ಬರೆದು, ಹಾಳೆಯನ್ನು ಜೆರಾಕ್ಸ್ ಅಂಗಡಿಗೆ ಕೊಟ್ಟು ಬಂದೆ. ಖರ್ಚು ಉಳಿಯಲೆಂದು ಒಂದು ಹಾಳೆಗೆ ಎರಡು ಪ್ರತಿ ಬರುವಂತೆ ಮಾಡಿಸಿದೆ.

ಸಂಜೆ ತಿದ್ದಲು ಕುಳಿತರೆ ಬಹುತೇಕ ಎಲ್ಲರ ಉತ್ತರ 9.2 ಕಿ.ಮೀ. ಮೂವರು ಮಾತ್ರ 13 ಎಂದು ಬರೆದಿದ್ದರು. ಮಕ್ಕಳಿಗೆ ಪರಿವರ್ತನೆ ಬಂದಿಲ್ಲ ಎಂದುಕೊಂಡು ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕುತ್ತಾ ಹೋದೆ.

ಮರುದಿನ ಹಾಳೆ ಹಂಚಿದಾಗ, ಅಂಕ ಕಳೆದುಕೊಂಡಿದ್ದ ಒಬ್ಬ ಹುಡುಗ ಎದ್ದು ನಿಂತು, "ಮಿಸ್, ನಾನು ಎರಡು ಸಲ ಅಳತೆ ಮಾಡೀನಿ, 4.6 ಐತ್ರಿ" ಎಂದ. ನಾನೇ ಸ್ಕೇಲು ಇಟ್ಟು ನೋಡಿದೆ. 4.6 ಸೆಂ.ಮೀ. ಇತ್ತು. 13 ಬರೆದ ಹುಡುಗಿಯನ್ನು ಕರೆದು ಹೇಗೆ ಮಾಡಿದೆ ಎಂದು ಕೇಳಿದೆ. "ಹರಿಹರ ಹದಿಮೂರು ಹದಿನಾಲ್ಕು ಕಿಲೋಮೀಟರ್ ಅಂತ ನಮ್ಮಪ್ಪ ಹೇಳ್ತಿರ್ತಾರೆ ಮಿಸ್, ಅದಕ್ಕೆ ಹದಿಮೂರು ಬರೆದೆ" ಎಂದಳು. ಅವಳು ಸ್ಕೇಲನ್ನು ಮುಟ್ಟಿಯೇ ಇರಲಿಲ್ಲ. ಸರಿಯಾಗಿ ಅಳೆದು ಸರಿಯಾಗಿ ಗುಣಿಸಿದವರ ಅಂಕ ಕಳೆದು, ಅಳೆಯದೇ ಬರೆದವರಿಗೆ ಪೂರ್ಣ ಅಂಕ ಕೊಟ್ಟಿದ್ದೆ.

ಆಗಿದ್ದು ಇಷ್ಟೆ. ಎರಡು ಎ4 ಪುಟಗಳನ್ನು ಒಂದೇ ಎ4 ಹಾಳೆಗೆ ಇಳಿಸುವಾಗ ಪ್ರತಿ ಗೆರೆಯ ಉದ್ದವೂ ಸುಮಾರು ಶೇ. 71ಕ್ಕೆ ಇಳಿಯುತ್ತದೆ. 6.5 ಸೆಂ.ಮೀ. ಇದ್ದದ್ದು 4.6 ಆಯಿತು. ಆದರೆ ಹಾಳೆಯ ಮೂಲೆಯಲ್ಲಿದ್ದ "1:2,00,000" ಎಂಬ ಬರಹ ಹಾಗೇ ಉಳಿಯಿತು. ಅಂಕಿಗಳ ಗಾತ್ರ ಕುಗ್ಗಿದರೂ ಅವುಗಳ ಬೆಲೆ ಕುಗ್ಗುವುದಿಲ್ಲವಲ್ಲ. ಮಕ್ಕಳ ಕೈ ಸೇರಿದ ನಕ್ಷೆಯ ನಿಜವಾದ ಪ್ರಮಾಣ ಸುಮಾರು 1:2,83,000 ಆಗಿತ್ತು. ಒಂದು ಸೆಂ.ಮೀ.ಗೆ 2 ಕಿ.ಮೀ. ಅಲ್ಲ, 2.83 ಕಿ.ಮೀ. ಅದರಂತೆ 4.6 ಅನ್ನು ಗುಣಿಸಿದರೆ 13ಕ್ಕೇ ಬರುತ್ತೇವೆ.

ಈ ಅನುಭವದಿಂದ ನನ್ನ ಮೊದಲ ಅಭಿಪ್ರಾಯ: ಅಳತೆ ಪ್ರಮಾಣದ ಅಭ್ಯಾಸ ಹಾಳೆಯಲ್ಲಿ ಅಂಕಿಯ ಪ್ರಮಾಣವನ್ನು ಮಾತ್ರ ಕೊಡುವುದು ತಪ್ಪು, ರೇಖಾ ಪ್ರಮಾಣವೂ ಇರಲೇಬೇಕು. ನನ್ನ ಮೂಲ ಹಾಳೆಯಲ್ಲಿ 10 ಕಿ.ಮೀ. ಎಂದು ಗುರುತಿಸಿದ 5 ಸೆಂ.ಮೀ. ಪಟ್ಟಿಯೊಂದನ್ನು ಎಳೆದಿದ್ದರೆ, ಜೆರಾಕ್ಸ್‌ನಲ್ಲಿ ಅದೂ ನಕ್ಷೆಯ ಜೊತೆಗೇ ಕುಗ್ಗಿ ಸುಮಾರು 3.5 ಸೆಂ.ಮೀ. ಆಗುತ್ತಿತ್ತು. ಮಗು 4.6 ಅನ್ನು 3.5ರಿಂದ ಭಾಗಿಸಿ 10ರಿಂದ ಗುಣಿಸಿದ್ದರೆ 13.1 ಬರುತ್ತಿತ್ತು. ಎರಡೂ ಪ್ರಮಾಣಗಳು ಒಂದೇ ಹಾಳೆಯಲ್ಲಿದ್ದರೆ ಇನ್ನೊಂದು ಲಾಭವಿದೆ. ಪಟ್ಟಿಯನ್ನು ಅಳೆದು, ಅಂಕಿಯ ಪ್ರಮಾಣ ಹೇಳುವಷ್ಟೇ ಉದ್ದ ಅದಕ್ಕಿದೆಯೇ ಎಂದು ನೋಡಿದರೆ ಹಾಳೆ ಕುಗ್ಗಿದೆಯೋ ಇಲ್ಲವೋ ಎಂಬುದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ.

ಎರಡನೆಯದು ತಾಳೆ ನೋಡುವ ಕ್ರಮದ ಬಗ್ಗೆ. ಉತ್ತರವನ್ನು ಹಿಮ್ಮುಖವಾಗಿ ಪರಿವರ್ತಿಸಿ ನೋಡಿ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಅದು ಒಳ್ಳೆಯ ಕ್ರಮವೇ, ಆದರೆ ಅದು ಹಿಡಿಯುವುದು ಲೆಕ್ಕದ ತಪ್ಪನ್ನು ಮಾತ್ರ. 9.2 ಕಿ.ಮೀ.ಯನ್ನು 2ರಿಂದ ಭಾಗಿಸಿದರೆ ಸರಿಯಾಗಿ 4.6 ಸೆಂ.ಮೀ. ಬರುತ್ತದೆ. ನಕ್ಷೆಯೇ ಸುಳ್ಳು ಹೇಳುತ್ತಿದೆ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಅದನ್ನು ಹಿಡಿಯಲು ಹೊರಗಿನ ಒಂದು ಅಳತೆ ಬೇಕು, ಮಗುವಿಗೆ ಮೊದಲೇ ಗೊತ್ತಿರುವ ದೂರ ಬೇಕು. ಆ ಹುಡುಗಿಗೆ ಅಪ್ಪನ ಮಾತು ಗೊತ್ತಿತ್ತು. ಅದನ್ನು ಅವಳು ಅಳತೆಯ ಬದಲಿಗೆ ಬಳಸಿದ್ದು ತಪ್ಪು. ಅಳೆದ ಮೇಲೆ ತಾಳೆ ನೋಡಲು ಬಳಸಿದ್ದರೆ, ಹಾಳೆಯ ದೋಷವನ್ನು ನನಗಿಂತ ಮೊದಲು ಅವಳೇ ಕಂಡುಹಿಡಿಯುತ್ತಿದ್ದಳು.

ಗೊತ್ತಿರುವ ದೂರ ಇನ್ನೊಂದು ಸಾಮಾನ್ಯ ತಪ್ಪನ್ನೂ ಹಿಡಿಯುತ್ತದೆ. 6.5 ಅನ್ನು 2,00,000ದಿಂದ ಗುಣಿಸಿದರೆ 13,00,000 ಸೆಂ.ಮೀ. ಇದನ್ನು ಮೊದಲು 100ರಿಂದ ಭಾಗಿಸಿ ಮೀಟರ್ ಮಾಡಬೇಕು, ಆಮೇಲೆ 1,000ದಿಂದ ಭಾಗಿಸಿ ಕಿಲೋಮೀಟರ್ ಮಾಡಬೇಕು. ಹಲವು ಮಕ್ಕಳು ಮೊದಲ ಹೆಜ್ಜೆ ಮರೆತು ನೇರವಾಗಿ 1,000ದಿಂದ ಭಾಗಿಸಿ 1,300 ಕಿ.ಮೀ. ಎಂದು ಬರೆಯುತ್ತಾರೆ. ದಾವಣಗೆರೆಯಿಂದ ಬೆಂಗಳೂರೇ ಸುಮಾರು 260 ಕಿ.ಮೀ., ಹಾಗಾದರೆ ಹರಿಹರ ಎಲ್ಲಿದೆ ಎಂದು ಕೇಳಿದರೆ ಸಾಕು, ತರಗತಿ ನಕ್ಕು ತಾನೇ ತಿದ್ದಿಕೊಳ್ಳುತ್ತದೆ. ಆದರೆ ಗೊತ್ತಿರುವ ದೂರಕ್ಕೂ ಒಂದು ಮಿತಿಯಿದೆ. ಚುಕ್ಕೆಯಿಂದ ಚುಕ್ಕೆಗೆ ಸ್ಕೇಲು ಇಟ್ಟರೆ ಸಿಗುವುದು ನೇರ ದೂರ. ಬಸ್ಸು ಹೋಗುವ ರಸ್ತೆ ಅಲ್ಲಲ್ಲಿ ತಿರುಗುವುದರಿಂದ ಅದು ಸ್ವಲ್ಪ ಹೆಚ್ಚೇ ಇರುತ್ತದೆ. ಆದ್ದರಿಂದ ರಸ್ತೆಯ ದೂರ 14 ಎಂದು ಗೊತ್ತಿದ್ದು ನಕ್ಷೆ 13 ಹೇಳಿದರೆ ಗಾಬರಿಯಾಗಬೇಕಿಲ್ಲ. 9 ಎಂದರೆ ಮಾತ್ರ ನಿಂತು ನೋಡಬೇಕು.

ಇಷ್ಟೆಲ್ಲ ಗೊಂದಲ ಯಾಕೆ, "6.5 ಸೆಂ.ಮೀ." ಎಂದು ಉದ್ದವನ್ನು ಪ್ರಶ್ನೆಯಲ್ಲೇ ಕೊಟ್ಟುಬಿಡಬಹುದಲ್ಲ ಎಂದು ನನ್ನ ಸಹಪಾಠಿಯೊಬ್ಬರು ಕೇಳಿದರು. ಕೊಡಬಹುದು. ಆಗ ಜೆರಾಕ್ಸ್ ಏನು ಮಾಡಿದರೂ ಉತ್ತರ 13ರಲ್ಲೇ ಇರುತ್ತದೆ. ಆದರೆ ಆಗ ಅದು ಬರಿಯ ಗುಣಾಕಾರದ ಲೆಕ್ಕವಾಗುತ್ತದೆ, ನಕ್ಷೆ ಪಕ್ಕದ ಚಿತ್ರವಾಗಿ ಉಳಿಯುತ್ತದೆ. ಸ್ಕೇಲಿನ ಸೊನ್ನೆಯನ್ನು ಬಿಟ್ಟು ಅದರ ಅಂಚಿನಿಂದ ಅಳೆಯುವ ಮಗು ಯಾರೆಂದು ನಮಗೆ ತಿಳಿಯುವುದೇ ಇಲ್ಲ. ಅಳೆಯುವ ಕೆಲಸವನ್ನು ಮಗುವಿಗೇ ಬಿಡೋಣ. ಅದಕ್ಕೆ ತಕ್ಕಂತೆ ಉತ್ತರ ಸೂಚಿಯೂ ಸಡಿಲವಾಗಿರಲಿ. ಈ ಪ್ರಮಾಣದಲ್ಲಿ ಒಂದು ಮಿ.ಮೀ. ವ್ಯತ್ಯಾಸ ನೆಲದ ಮೇಲೆ 200 ಮೀಟರ್ ಆಗುವುದರಿಂದ 12.8ರಿಂದ 13.2ರವರೆಗಿನ ಉತ್ತರವನ್ನು ಸರಿಯೆಂದೇ ಒಪ್ಪಬೇಕು.

ಆ ಹಾಳೆಗಳನ್ನು ನಾನು ಎಸೆಯಲಿಲ್ಲ. ಮುಂದಿನ ಅವಧಿಯಲ್ಲಿ ತಪ್ಪು ನನ್ನದು ಎಂದು ಹೇಳಿ, ಅದೇ ಹಾಳೆಯನ್ನು ಮತ್ತೆ ಕೊಟ್ಟೆ. ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 13 ಕಿ.ಮೀ., ಹಾಗಾದರೆ ಈ ಹಾಳೆಯ ಪ್ರಮಾಣ ಎಷ್ಟು ಎಂದು ಕೇಳಿದೆ. 13 ಅನ್ನು 4.6ರಿಂದ ಭಾಗಿಸಿ, ಒಂದು ಸೆಂ.ಮೀ.ಗೆ 2.8 ಕಿ.ಮೀ. ಎಂದು ಕಂಡುಕೊಂಡ ಮಕ್ಕಳು ಮೂಲೆಯಲ್ಲಿದ್ದ 1:2,00,000 ಅನ್ನು ತಾವೇ ಹೊಡೆದುಹಾಕಿ 1:2,80,000 ಎಂದು ಬರೆದರು. ಕಳೆದಿದ್ದ ಅಂಕಗಳನ್ನು ಹಿಂದಿರುಗಿಸಿದೆ.

ನಮ್ಮ ಪಾಠ ಯೋಜನೆಯ ಜೊತೆ ಉತ್ತರ ಸೂಚಿಯನ್ನು ಮೊದಲೇ ಸಲ್ಲಿಸುವ ರೂಢಿಯಿದೆ. ನಕ್ಷೆ ಅಥವಾ ಅಳತೆಯ ಚಿತ್ರ ಇರುವ ಹಾಳೆಗಳ ಮಟ್ಟಿಗಾದರೂ ಈ ಕ್ರಮ ಬದಲಾಗಬೇಕು ಎಂಬುದು ನನ್ನ ವಿನಂತಿ. ಸೂಚಿಯನ್ನು ಮೂಲ ಪ್ರತಿಯಿಂದಲ್ಲ, ಜೆರಾಕ್ಸ್ ಆಗಿ ಮಕ್ಕಳ ಕೈಗೆ ಹೋಗುವ ಪ್ರತಿಯಿಂದ ಅಳೆದು ಬರೆಯಬೇಕು. ಪಾಠ ವೀಕ್ಷಣೆಗೆ ಬರುವ ಗುರುಗಳೂ ಒಮ್ಮೆ ಆ ಹಾಳೆಯ ಮೇಲೆ ಸ್ಕೇಲು ಇಟ್ಟು ನೋಡಲಿ.