ಅರ್ಧ ಲಾಭದ ಲೆಕ್ಕ

ಮಗ ಮಕ್ಕಳ ವೈದ್ಯನಾಗಿರುವ ಓದುಗರೊಬ್ಬರು ಕೇಳಿದ್ದಾರೆ: “ವೈದ್ಯರು ಖರ್ಚಿನ ಚೀಟಿಗಳನ್ನೇ ಇಡಬೇಕಾಗಿಲ್ಲ, ಬಂದ ಹಣದಲ್ಲಿ ಅರ್ಧಕ್ಕೆ ತೆರಿಗೆ ಕೊಟ್ಟರೆ ತೀರಿತು ಎನ್ನುತ್ತಾರೆ. ಇದು ನಿಜವೆ?”

ನಿಜವೇ ಸರಿ. ಆದರೆ ಆ ಮಾತಿನ ಹಿಂದೆ ಒಂದೆರಡು ನಿರ್ಬಂಧಗಳಿವೆ. ವರಮಾನ ತೆರಿಗೆಯ 1961ರ ಕಾಯಿದೆಗೆ 2016ರಲ್ಲಿ 44ಎಡಿಎ ಎಂಬ ಪ್ರಕರಣವನ್ನು ಸೇರಿಸಿದರು. 2025ರ ಹೊಸ ಕಾಯಿದೆಯಲ್ಲಿ ಇದೇ ಏರ್ಪಾಡು 58ನೆಯ ಪ್ರಕರಣದೊಳಗೆ ಬಂದಿದೆ. ವೈದ್ಯರು, ವಕೀಲರು, ಎಂಜಿನಿಯರರು, ವಾಸ್ತುಶಿಲ್ಪಿಗಳು, ಲೆಕ್ಕ ಪರಿಶೋಧಕರು, ತಾಂತ್ರಿಕ ಸಲಹೆಗಾರರು ಮೊದಲಾದ ಕೆಲವು ಗೊತ್ತಾದ ವೃತ್ತಿಗಳವರಿಗೆ ಇದು ಸಲ್ಲುತ್ತದೆ. ವೃತ್ತಿಯಿಂದ ಬಂದ ಒಟ್ಟು ಹಣದಲ್ಲಿ ಅರ್ಧವನ್ನು ಲಾಭವೆಂದು ಕಾಯಿದೆಯೇ ಭಾವಿಸಿಕೊಳ್ಳುತ್ತದೆ. ಉಳಿದರ್ಧದಲ್ಲಿ ಬಾಡಿಗೆ, ದಾದಿಯ ಸಂಬಳ, ಉಪಕರಣಗಳ ಸವಕಳಿ ಎಲ್ಲವೂ ಅಡಗಿಹೋದಂತೆ. ಬೇರೆ ಖರ್ಚು ಕಳೆಯಲು ಮತ್ತೆ ಅವಕಾಶವಿಲ್ಲ. ಆಸ್ಪತ್ರೆಯಲ್ಲಿ ತಿಂಗಳ ಸಂಬಳಕ್ಕಿರುವ ವೈದ್ಯರಿಗೆ ಆ ಸಂಬಳದ ಮಟ್ಟಿಗೆ ಈ ಸೌಲಭ್ಯವಿಲ್ಲವೆಂಬುದನ್ನೂ ಇಲ್ಲೇ ಹೇಳಿಬಿಡುವುದು ಲೇಸು.

ಮಿತಿಯ ವಿಷಯದಲ್ಲಿಯೇ ಬಹು ಜನ ಎಡವುವುದು. ಮಿತಿ ಇರುವುದು ಲಾಭಕ್ಕಲ್ಲ, ವರ್ಷದಲ್ಲಿ ಬಂದ ಒಟ್ಟು ಹಣಕ್ಕೆ. ಅದು 50 ಲಕ್ಷ ರೂಪಾಯಿ. 2023ರ ತಿದ್ದುಪಡಿಯಿಂದ 75 ಲಕ್ಷದವರೆಗೂ ಏರಬಹುದು. ಆದರೆ ನಗದಾಗಿ ಬಂದುದು ಒಟ್ಟು ಹಣದ ನೂರಕ್ಕೆ 5ನ್ನು ಮೀರಿರಬಾರದು. ಅಕೌಂಟ್ ಪೇಯೀ ಎಂದು ಬರೆಯದ ಚೆಕ್ಕನ್ನೂ ನಗದೆಂದೇ ಎಣಿಸುತ್ತಾರೆ. ರೋಗಿಗಳು ಫೋನಿನ ಮೂಲಕ ನೇರವಾಗಿ ಬ್ಯಾಂಕಿಗೆ ಕಳಿಸಿದ್ದು ನಗದಲ್ಲ.

ಈ ವೈದ್ಯರ ಲೆಕ್ಕವನ್ನೇ ಹೀಗೆ ಊಹಿಸೋಣ. 2025–26ರಲ್ಲಿ ಒಂದು ನರ್ಸಿಂಗ್ ಹೋಮಿನಿಂದ ಸಲಹೆಯ ಫೀಸು 36 ಲಕ್ಷ, ಸಂಜೆಯ ಸ್ವಂತ ಕ್ಲಿನಿಕ್ಕಿನಿಂದ 22 ಲಕ್ಷ. ಒಟ್ಟು 58 ಲಕ್ಷ. ಇದರ ನೂರಕ್ಕೆ 5 ಎಂದರೆ 2 ಲಕ್ಷ 90 ಸಾವಿರ. ಕ್ಲಿನಿಕ್ಕಿನ ಮೇಜಿನ ಮೇಲೆ ನಗದಾಗಿ ಬಿದ್ದುದು 2 ಲಕ್ಷ 60 ಸಾವಿರವಾದರೆ ಚಿಂತೆಯಿಲ್ಲ. 29 ಲಕ್ಷ ಲಾಭವೆಂದು ತೋರಿಸಬಹುದು. ಅದೇ ನಗದು 3 ಲಕ್ಷವಾಗಿದ್ದರೆ ಮಿತಿ 50 ಲಕ್ಷಕ್ಕೇ ಇಳಿಯುತ್ತದೆ. 58 ಲಕ್ಷ ಅದನ್ನು ಮೀರಿದುದರಿಂದ ಅರ್ಧದ ಲೆಕ್ಕವೇ ಕೈಬಿಟ್ಟು, ಪೂರ್ಣ ಲೆಕ್ಕದ ಪುಸ್ತಕಗಳೂ ಆಡಿಟರ ತಪಾಸಣೆಯೂ ತಲೆಯ ಮೇಲೆ ಬರುತ್ತವೆ. ಹತ್ತು ಸಾವಿರ ರೂಪಾಯಿಯ ನಗದು ಇಷ್ಟು ಮಾಡೀತೆಂದು ಮಾರ್ಚಿ ತಿಂಗಳ ಕೊನೆಯಲ್ಲಿ ತಿಳಿದರೆ ಫಲವಿಲ್ಲ. ನಗದಿಗೆ ಒಂದು ಬೇರೆ ನೋಟುಪುಸ್ತಕವನ್ನು ಏಪ್ರಿಲಿನಿಂದಲೇ ಇಡುವುದು ಸುಲಭ. ಬಂದುದು 50 ಲಕ್ಷದೊಳಗೇ ಇದ್ದರೆ ಮಾತ್ರ ನಗದು ಎಷ್ಟಿದ್ದರೂ ಈ ತೊಡಕಿಲ್ಲ.

ಇನ್ನೊಂದು ತಪ್ಪು ಬ್ಯಾಂಕಿನ ಪುಸ್ತಕ ನೋಡಿ ಲೆಕ್ಕ ಹಾಕುವವರದು. ನರ್ಸಿಂಗ್ ಹೋಮಿನವರು ನೂರಕ್ಕೆ 10ರಂತೆ 3 ಲಕ್ಷ 60 ಸಾವಿರ ತೆರಿಗೆಯನ್ನು ಮೂಲದಲ್ಲೇ ಹಿಡಿದು, 32 ಲಕ್ಷ 40 ಸಾವಿರವನ್ನು ಬ್ಯಾಂಕಿಗೆ ಕಳಿಸಿರುತ್ತಾರೆ. ಅಷ್ಟನ್ನೇ ಕೂಡಿಸಿದರೆ ಲಾಭ 27 ಲಕ್ಷ 20 ಸಾವಿರವೆಂದು ಬರುತ್ತದೆ. ಇಲಾಖೆಯ ಕಡತದಲ್ಲಿ ಪೂರ್ತಿ 36 ಲಕ್ಷವಿರುವುದರಿಂದ ವ್ಯತ್ಯಾಸ ಕೂಡಲೇ ಕಾಣುತ್ತದೆ. ನೋಟೀಸು ಬರುವುದು ಸಹಜ.

ಬೇರೆ ವರಮಾನವಿಲ್ಲದೆ, ಆ ವರ್ಷದ ಹೊಸ ಪದ್ಧತಿಯ ದರಗಳಂತೆ 29 ಲಕ್ಷಕ್ಕೆ ತೆರಿಗೆ 4 ಲಕ್ಷ 50 ಸಾವಿರ, ಸೆಸ್ಸು 18 ಸಾವಿರ. ಮೂಲದಲ್ಲಿ ಹಿಡಿದುದನ್ನು ಕಳೆದರೆ ಉಳಿಯುವುದು 1 ಲಕ್ಷ 8 ಸಾವಿರ. ಇದನ್ನು ನಾಲ್ಕು ಕಂತುಗಳಲ್ಲಿ ಕಟ್ಟಬೇಕಾಗಿಲ್ಲ. ಮಾರ್ಚಿ 15ರೊಳಗೆ ಒಂದೇ ಸಲ ಕಟ್ಟಿದರಾಯಿತು. ತಪ್ಪಿದರೆ ಬಡ್ಡಿ ಬೀಳುತ್ತದೆ.

ಈಗ ಖರ್ಚಿನ ಮಾತು. ಎಕ್ಸ್‌ರೇ ಯಂತ್ರ, ನಾಲ್ಕಾರು ಸಿಬ್ಬಂದಿ, ದೊಡ್ಡ ಬಾಡಿಗೆಯುಳ್ಳವರಿಗೆ ನಿಜವಾದ ಖರ್ಚೇ ನೂರಕ್ಕೆ 65 ಆಗಬಹುದು. ಅಂಥವರು ಅರ್ಧ ಲಾಭ ತೋರಿಸಿದರೆ ಬಾರದ ಹಣಕ್ಕೆ ತೆರಿಗೆ ಕೊಟ್ಟಂತಾಗುತ್ತದೆ. ಕಡಮೆ ಲಾಭ ತೋರಿಸಲು ಅಡ್ಡಿಯಿಲ್ಲ. ಆದರೆ ಒಟ್ಟು ವರಮಾನ ತೆರಿಗೆ ತಗಲದ ಮಟ್ಟವನ್ನು ಮೀರಿದ್ದರೆ ಲೆಕ್ಕದ ಪುಸ್ತಕಗಳನ್ನಿಟ್ಟು ತಪಾಸಣೆ ಮಾಡಿಸಬೇಕು. ತಪಾಸಣೆಯ ಖರ್ಚನ್ನೂ ಉಳಿಯುವ ತೆರಿಗೆಯನ್ನೂ ತೂಗಿನೋಡಿ ಅವರು ನಿರ್ಧರಿಸಲಿ. ವ್ಯಾಪಾರಿಗಳಿಗೆ ಒಮ್ಮೆ ಹೊರಬಂದರೆ ಐದು ವರ್ಷ ಒಳಗೆ ಸೇರಿಸದ ಕಟ್ಟುಪಾಡಿದೆ. ವೃತ್ತಿಯವರಿಗೆ ಅದಿಲ್ಲ, ಮರುವರ್ಷವೇ ಅರ್ಧದ ಲೆಕ್ಕಕ್ಕೆ ಮರಳಬಹುದು.