ಒಂದೇ ಕಲ್ಲು, ಎರಡು ಕೋನ

ತಿರುಪ್ಪೂರಿನ ಒಂದು ಕನ್ನಡ ಮನೆಯನ್ನು ಊಹಿಸಿಕೊಳ್ಳೋಣ. ಅಲ್ಲಿ ಎರಡು ಚಾಕುಗಳಿವೆ. ಒಂದು ಪಾತ್ರೆ ಅಂಗಡಿಯಲ್ಲಿ ಕೊಂಡ ಸಾಧಾರಣ ಸ್ಟೇನ್‌ಲೆಸ್ ಚಾಕು. ಮತ್ತೊಂದು, ವಿದೇಶದಿಂದ ಬಂಧುಗಳು ತಂದ ಗಡಸು ಉಕ್ಕಿನ ಜಪಾನಿ ಚಾಕು. ಎರಡೂ ಮೊಂಡಾಗಿವೆ. ಎರಡನ್ನೂ ಬೀದಿಯ ಸಾಣೆಚಕ್ರಕ್ಕೆ ಒಡ್ಡಿದರೆ ನಷ್ಟವಾಗುವುದು ಎರಡನೆಯದಕ್ಕೇ ಹೆಚ್ಚು. ನೀರಿಲ್ಲದೆ ತಿರುಗುವ ಚಕ್ರದಲ್ಲಿ ತೆಳುವಾದ ಅಲಗು ಬಿಸಿಯೇರಿ, ಉಕ್ಕಿಗೆ ಕೊಟ್ಟ ಹದವೇ ಕೆಡುತ್ತದೆ. ಬಾಯಿಯ ಬಳಿ ನೀಲಿ ಬಣ್ಣ ಕಂಡಿತೆಂದರೆ ಆ ಭಾಗ ಮೆತ್ತಗಾಗಿರುತ್ತದೆ. ಅಂಥ ಅಲಗು ಹರಿತವಾದರೂ ಆ ಹರಿತ ಬಹಳ ದಿನ ನಿಲ್ಲದು.

ಮನೆಯಲ್ಲೇ ನೀರಿನ ಸಾಣೆಕಲ್ಲಿನ ಮೇಲೆ ಮಸೆಯುವುದಾದರೆ ಮೊದಲು ತೀರ್ಮಾನಿಸಬೇಕಾದದ್ದು ಕೋನ. ಮೆತ್ತನೆಯ ಸ್ಟೇನ್‌ಲೆಸ್ ಉಕ್ಕಿನ ಬಾಯಿಯನ್ನು ತೀರ ತೆಳುಮಾಡಿದರೆ ಹಲಗೆಗೆ ತಾಗಿದೊಡನೆ ಮಡಚಿಕೊಳ್ಳುತ್ತದೆ. ಅದಕ್ಕೆ ಪ್ರತಿ ಬದಿಗೂ ಸುಮಾರು 20 ಡಿಗ್ರಿ ಬೇಕು. ಗಡಸು ಉಕ್ಕು ತೆಳುಬಾಯಿಯನ್ನು ತಾಳಿಕೊಳ್ಳುತ್ತದೆ. ಅದಕ್ಕೆ 15 ಡಿಗ್ರಿ ಸಾಕು. ಆದರೆ ಅದರಿಂದ ಮೂಳೆ ಕಡಿದರೆ ಬಾಯಿ ಚೂರಾಗಿ ಸಿಡಿಯುತ್ತದೆ.

ಕೋನ ಅಳೆಯಲು ಉಪಕರಣ ಬೇಕಿಲ್ಲ. ಹತ್ತನೆಯ ತರಗತಿಯ ಸೈನ್ ಲೆಕ್ಕ ಸಾಕು. ಬೆನ್ನಿನಿಂದ ಬಾಯಿಯವರೆಗಿನ ಅಗಲದ ಮೂರನೆಯ ಒಂದು ಭಾಗದಷ್ಟು ಬೆನ್ನನ್ನು ಕಲ್ಲಿನಿಂದ ಎತ್ತಿದರೆ ಸುಮಾರು 20 ಡಿಗ್ರಿ. ನಾಲ್ಕನೆಯ ಒಂದು ಭಾಗ ಎತ್ತಿದರೆ ಸುಮಾರು 15. ಅಲಗು 45 ಮಿಲಿಮೀಟರ್ ಅಗಲವಿದ್ದರೆ ಕ್ರಮವಾಗಿ 15 ಮತ್ತು 11 ಮಿಲಿಮೀಟರ್ ಎತ್ತರ. ಒಂದೇ ಬದಿಯಲ್ಲಿ ಇಳಿಜಾರಿರುವ ಚಾಕುಗಳಿಗೆ ಈ ಕ್ರಮ ಸಲ್ಲದು. ಕೋನ ಸರಿಯೇ ಎಂದು ತಿಳಿಯಲು ಬಾಯಿಯಂಚಿಗೆ ಮಾರ್ಕರ್ ಶಾಯಿ ಬಳಿದು ಎರಡು ಸಲ ಉಜ್ಜಿ ನೋಡಬೇಕು. ಶಾಯಿ ಅಂಚಿನಲ್ಲಿ ಉಳಿದು ಮೇಲ್ಭಾಗದಲ್ಲಿ ಮಾತ್ರ ಅಳಿಸಿದ್ದರೆ ಬೆನ್ನನ್ನು ಇನ್ನಷ್ಟು ಎತ್ತಬೇಕು.

ಕಲ್ಲಿನ ಸಂಖ್ಯೆ ಹೆಚ್ಚಿದಷ್ಟೂ ಅದರ ಕಣ ನುಣುಪು. ಬಾಯಿ ಮುರಿದಿದ್ದರೆ ಮಾತ್ರ 400ರಿಂದ ಆರಂಭಿಸಬೇಕು. ಬರಿಯ ಮೊಂಡಿಗೆ 1000 ಸಾಕು. ಸ್ಟೇನ್‌ಲೆಸ್ ಚಾಕುವಿನ ಕೆಲಸವನ್ನು ಅಲ್ಲಿಗೇ ಮುಗಿಸಬಹುದು, ಏಕೆಂದರೆ ಅದಕ್ಕಿಂತ ನುಣುಪಾದ ಬಾಯಿ ಟೊಮೆಟೊ ಸಿಪ್ಪೆಯ ಮೇಲೆ ಜಾರುತ್ತದೆ, ಮೆತ್ತನೆಯ ಉಕ್ಕಿನಲ್ಲಿ ಹೆಚ್ಚು ದಿನ ಉಳಿಯುವುದೂ ಇಲ್ಲ. ಗಡಸು ಚಾಕುವಿಗೆ ಬಳಿಕ 3000ದ ಕಲ್ಲು ಸಲ್ಲುತ್ತದೆ.

ಒಂದು ಬದಿಯನ್ನು ಎಷ್ಟು ಹೊತ್ತು ಮಸೆಯಬೇಕೆಂಬುದಕ್ಕೆ ಗಡಿಯಾರ ಸಾಕ್ಷಿಯಲ್ಲ. ಮಸೆದ ಬದಿಯ ಎದುರು ಬದಿಯಲ್ಲಿ ಬೆರಳನ್ನು ಬೆನ್ನಿನಿಂದ ಬಾಯಿಯ ಹೊರಕ್ಕೆ ಸರಿಸಿದಾಗ, ಹಿಡಿಯಿಂದ ತುದಿಯವರೆಗೂ ಸಣ್ಣ ತೊಡಕು ತಟ್ಟಬೇಕು. ಅದು ಮಡಚಿ ನಿಂತ ಲೋಹದ ಎಳೆ. ಅದು ತಟ್ಟಿದ ಮೇಲೆಯೇ ಚಾಕುವನ್ನು ತಿರುಗಿಸಬೇಕು. ಕೊನೆಗೆ ಒತ್ತಡವಿಲ್ಲದೆ ಬದಿ ಬದಲಿಸುತ್ತ ನಾಲ್ಕಾರು ಸಲ ಎಳೆದು ಆ ಎಳೆಯನ್ನು ಕಳಚಬೇಕು. ಇದನ್ನು ಬಿಟ್ಟರೆ ಚಾಕು ಆ ದಿನ ಚೆನ್ನಾಗಿ ಹೆಚ್ಚಿ, ಮರುದಿನವೇ ಮೊಂಡಾಗುತ್ತದೆ.