ಅನುದಾನದ ಅರ್ಜಿಯಲ್ಲಿ ಸಂಘಟಕರ ಅರ್ಧ ಪುಟ

ಅನುದಾನ ಕೇಳುವ ಪ್ರಸ್ತಾವನೆಯಲ್ಲಿ ಸಂಘಟಕರ ಪರಿಚಯಕ್ಕೆ ಸಿಗುವುದು ಹೆಚ್ಚೆಂದರೆ ಅರ್ಧ ಪುಟ. ‘ಸುದೀರ್ಘ ಸೇವೆ’, ‘ಶೋಷಿತರ ಬಗ್ಗೆ ಅಪಾರ ಕಳಕಳಿ’ ಎಂಬ ಮಾತುಗಳೇ ಅದರಲ್ಲಿ ಬಹುಪಾಲನ್ನು ತಿಂದುಹಾಕುತ್ತವೆ. ಉಳಿದದ್ದು ಪ್ರಶಸ್ತಿಗಳ ಪಟ್ಟಿ. ಸನ್ಮಾನಪತ್ರಕ್ಕೆ ಇಷ್ಟು ಸಾಕು. ಹಣ ಕೊಡುವವರು ಮಾತ್ರ, ಇವರು ಓಡಾಡಿದ್ದರಿಂದ ಏನು ಬದಲಾಯಿತು, ಅದನ್ನು ಹೋಗಿ ನೋಡಬಹುದೇ ಎಂದು ಕೇಳುತ್ತಾರೆ.

ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರನ್ನು 2016ರ ಮ್ಯಾಗ್ಸೆಸೆ ಪ್ರಶಸ್ತಿಯಿಂದ ಪರಿಚಯಿಸುವುದು ಸುಲಭ. ಅವರ ಮಾತಿಗೆ ತೂಕ ಬಂದದ್ದು ಅದಕ್ಕೂ ಎಷ್ಟೋ ಮೊದಲು. ಮಲ ಹೊರಿಸುವುದನ್ನು 1993ರ ಕಾಯ್ದೆ ನಿಷೇಧಿಸಿದ್ದರೂ ಪದ್ಧತಿ ನಿಂತಿರಲಿಲ್ಲ. ಹಲವು ರಾಜ್ಯಗಳು ಮಾತ್ರ ‘ನಮ್ಮಲ್ಲಿ ಅದು ಇಲ್ಲ’ ಎನ್ನುತ್ತಿದ್ದವು. ವಿಲ್ಸನ್ ಮತ್ತು ಸಂಗಾತಿಗಳು ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ ಒಣ ಪಾಯಿಖಾನೆಗಳನ್ನು ಹುಡುಕಿ, ಫೋಟೊ ತೆಗೆದು, ದಾಖಲೆ ಕೂಡಿಹಾಕಿತು; 2003ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. 1993ರಿಂದೀಚೆಗೆ ಒಳಚರಂಡಿಯಲ್ಲಿ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರ ಮಾರ್ಚ್ 27ರ ತೀರ್ಪು ಹೇಳಿತು. ಫೋಟೊ, ಅರ್ಜಿ, ತೀರ್ಪು: ಮೂರನ್ನೂ ಬೇರೆಯವರು ತೆಗೆದು ನೋಡಬಹುದು.

ಎಲ್ಲರೂ ಸುಪ್ರೀಂ ಕೋರ್ಟಿನವರೆಗೆ ಹೋಗಲಾರರು, ಹೋಗಬೇಕಾಗಿಯೂ ಇಲ್ಲ. ಸಣ್ಣ ಪಟ್ಟಣವೊಂದರ ಸಂಘಟಕಿಯನ್ನು ಊಹಿಸಿಕೊಳ್ಳಿ. ‘ನೂರಾರು ಮಹಿಳೆಯರಲ್ಲಿ ಅರಿವು ಮೂಡಿಸಿದ್ದಾರೆ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಬದಲಿಗೆ ಹೀಗೆ ಬರೆದರೆ? ‘ಎರಡು ವಾರ್ಡುಗಳಲ್ಲಿ ಮನೆಮನೆ ತಿರುಗಿ ಮಲ ಹೊರುವ 40 ಮಹಿಳೆಯರಿಂದ ಸ್ವಯಂಘೋಷಣೆ ಬರೆಸಿ, ನಗರಸಭೆಗೆ ಕೊಟ್ಟು ಸ್ವೀಕೃತಿ ಪಡೆದರು. 22 ಮಂದಿಯನ್ನು ಅಧಿಕೃತವಾಗಿ ಗುರುತಿಸಲಾಯಿತು. 15 ಮಂದಿಗೆ ಸರ್ಕಾರದ 40,000 ರೂಪಾಯಿ ನೆರವು ಬಂತು. ಉಳಿದವರದು ಬಾಕಿ ಇದೆ.’ ಮೊದಲ ಸಂಖ್ಯೆ ಅವರ ದುಡಿಮೆ, ಕೊನೆಯದು ಫಲ. ನಡುವೆ ಸೋರಿಹೋದವರನ್ನೂ ಮುಚ್ಚಿಡದ ಕಾರಣಕ್ಕೇ ಇದನ್ನು ನಂಬಬಹುದು.

ಶ್ರೇಯಸ್ಸಿನ ಲೆಕ್ಕ ಹೆಚ್ಚಾಗಿ ಎಡವುವ ಜಾಗ. ಹಣ ಕೊಟ್ಟದ್ದು ಸರ್ಕಾರ, ಅರ್ಜಿ ಹಾಕಿದ್ದು ಆ ಮಹಿಳೆಯರೇ. ‘15 ಕುಟುಂಬಗಳನ್ನು ಉದ್ಧರಿಸಿದರು’ ಎಂದರೆ ಸುಳ್ಳಿಗೆ ಹತ್ತಿರ. ‘ತಿರಸ್ಕೃತ ಅರ್ಜಿಗಳಿಗೆ ಮೇಲ್ಮನವಿ ಬರೆಸಿದರು’ ಎಂದರೆ ಅವರ ಪಾಲು ಎಷ್ಟೆಂದು ತಿಳಿಯುತ್ತದೆ. ನೆರವು ಬಂದದ್ದೇ ಕೆಲಸ ಬಿಟ್ಟದ್ದಕ್ಕೆ ಸಾಕ್ಷಿಯೂ ಅಲ್ಲ. ಬೇರೆ ದುಡಿಮೆ ಸಿಗದಿದ್ದರೆ ಹಣ ತೀರಿದ ಮೇಲೆ ಮತ್ತೆ ಬಕೆಟ್ಟು, ಪೊರಕೆಗೆ ಮರಳುವವರಿದ್ದಾರೆ. ಹಾಗಾಗಿ ಆರು ತಿಂಗಳ ನಂತರ ಮರುಭೇಟಿ ಮಾಡಿದ್ದರೆ, ಎಷ್ಟು ಮಂದಿ ಮರಳಿದ್ದರು ಎಂಬುದನ್ನೂ ಅಲ್ಲೇ ಬರೆಯಬೇಕು. ಅನುಭವಿ ಪರಿಶೀಲಕರು ಮೊದಲು ಹುಡುಕುವ ಸಾಲು ಬಹುಶಃ ಇದೇ.

ಹಾಗೆಂದು ಸಾಕ್ಷ್ಯದ ಹೆಸರಿನಲ್ಲಿ ಮಹಿಳೆಯರ ಫೋಟೊ, ಹೆಸರು, ವಿಳಾಸ ಅಂಟಿಸುವುದು ತಪ್ಪು. ಊರಲ್ಲಿ ಬಾಡಿಗೆ ಮನೆ ಸಿಗದಂತಾಗಲು, ಮಕ್ಕಳನ್ನು ಶಾಲೆಯಲ್ಲಿ ಚುಚ್ಚಿ ಮಾತಾಡಲು ಅಷ್ಟು ಸಾಕು. ವಾರ್ಡು, ವರ್ಷ, ಕಚೇರಿಯ ಹೆಸರನ್ನು ಪರಿಚಯದಲ್ಲಿ ಕೊಟ್ಟು, ಸ್ವೀಕೃತಿ ಪತ್ರಗಳನ್ನು ಸಂಘದ ಕಡತದಲ್ಲೇ ಇಟ್ಟು, ಖುದ್ದು ಬಂದು ಕೇಳಿದ ಪರಿಶೀಲಕರಿಗೆ ಆ ಮಹಿಳೆಯರ ಒಪ್ಪಿಗೆ ಪಡೆದೇ ತೋರಿಸಬೇಕು.